‘ಬ್ಲೂ ಬಿಗ್ ಬ್ಯಾಗ್’ ಅಂದರೆ ಏನು ತಪ್ಪು? ಇಂಗ್ಲಿಷ್ ಗುಣವಾಚಕಗಳು ಸಾಲಾಗಿ ನಿಲ್ಲುವ ಬಗೆ

ಹೋದ ವರ್ಷ ವಿಮಾನ ಇಳಿದ ಮೇಲೆ ನನ್ನ ಬ್ಯಾಗ್ ಬರಲಿಲ್ಲ. ಎಲ್ಲರ ಸಾಮಾನೂ ಬಂತು, ಬೆಲ್ಟ್ ನಿಂತೇ ಹೋಯಿತು, ನನ್ನದು ಮಾತ್ರ ಇಲ್ಲ. ದೂರು ಬರೆಸಲು ಕೌಂಟರ್‌ಗೆ ಹೋದೆ. ಅಲ್ಲಿದ್ದ ಹುಡುಗಿ ಬ್ಯಾಗ್ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ‘ಬ್ಲೂ ಕಲರ್ ಬಿಗ್ ಬ್ಯಾಗ್’ ಎಂದೆ. ಅವಳು ಟೈಪ್ ಮಾಡುತ್ತಾ ಓದಿಕೊಂಡಳು: ‘ಬಿಗ್ ಬ್ಲೂ ಬ್ಯಾಗ್’. ಒಳಗೆ ಏನಿತ್ತು ಎಂದಳು. ಅಮ್ಮನ ಸೀರೆಯೊಂದಿತ್ತು, ಅದೇ ನನಗೆ ಚಿಂತೆ. ‘ಸಿಲ್ಕ್ ಸಾರಿ, ಗ್ರೀನ್ ಕಲರ್, ಓಲ್ಡ್’ ಎಂದು ತೋಚಿದಂತೆ ಹೇಳಿದೆ. ಅವಳು ಓದಿದ್ದು: ‘ಓಲ್ಡ್ ಗ್ರೀನ್ ಸಿಲ್ಕ್ ಸಾರಿ’.

ಅವಳೇನೂ ನನ್ನನ್ನು ತಿದ್ದುತ್ತಿರಲಿಲ್ಲ. ನಾನು ಹೇಗೇ ಹೇಳಿದರೂ ಅವಳ ಬೆರಳು ಪದಗಳನ್ನು ಒಂದೇ ಸಾಲಿಗೆ ತಂದು ನಿಲ್ಲಿಸುತ್ತಿತ್ತು. ಬ್ಯಾಗ್ ಚಿಂತೆಯ ನಡುವೆಯೂ ಕೇಳಿದೆ, ಯಾಕೆ ಹೀಗೆ ತಿರುಗಿಸಿ ಬರೆಯುತ್ತೀರಿ ಅಂತ. ಅವಳು ಒಂದು ಕ್ಷಣ ಪರದೆ ನೋಡಿ, “ಗೊತ್ತಿಲ್ಲ ಮೇಡಂ, ಹಾಗೇ ಬರತ್ತೆ” ಎಂದಳು.

ಆ ‘ಹಾಗೇ ಬರತ್ತೆ’ ಎಂಬುದರ ಹಿಂದೆ ಒಂದು ಕ್ರಮ ಇದೆ. ಅದು ಏನು, ಯಾಕಿದೆ, ಕನ್ನಡದಲ್ಲಿ ಯೋಚಿಸುವ ನಮಗೆ ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ.

## ಸಾಲಿನಲ್ಲಿ ಯಾರ ಹಿಂದೆ ಯಾರು

ವಸ್ತು, ವ್ಯಕ್ತಿ, ಜಾಗದ ಹೆಸರು ನಾಮಪದ. ಅದು ಹೇಗಿದೆ, ಎಂಥದ್ದು ಎಂದು ಹೇಳುವ ಪದ ಗುಣವಾಚಕ. ಶಾಲೆಯಲ್ಲಿ ಅಡ್ಜೆಕ್ಟಿವ್ ಎಂದು ಕಲಿತದ್ದು ಇದನ್ನೇ. ‘ದೊಡ್ಡ ಮನೆ’ಯಲ್ಲಿ ಮನೆ ನಾಮಪದ, ದೊಡ್ಡ ಗುಣವಾಚಕ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಗುಣವಾಚಕ ಸಾಮಾನ್ಯವಾಗಿ ನಾಮಪದದ ಮುಂದೆ, ಅಂದರೆ ಎಡಗಡೆ, ಬರುತ್ತದೆ. ಇಲ್ಲಿಯವರೆಗೆ ತೊಂದರೆ ಇಲ್ಲ.

ಒಂದೇ ನಾಮಪದಕ್ಕೆ ಎರಡು ಮೂರು ಗುಣವಾಚಕ ಬಂದಾಗ ಪ್ರಶ್ನೆ ಏಳುತ್ತದೆ. ಯಾವುದು ಮೊದಲು? ಇಂಗ್ಲಿಷಿನಲ್ಲಿ ‘ಬಿಗ್ ರೆಡ್ ಬಸ್’ ಅಂದರೆ ಕಿವಿಗೆ ಹಿತ. ‘ರೆಡ್ ಬಿಗ್ ಬಸ್’ ಅಂದರೆ ಅರ್ಥವೇನೋ ಆಗುತ್ತದೆ, ಆದರೆ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಹಾಗೆ ಏನೋ ಸೊಟ್ಟ ಎನಿಸುತ್ತದೆ.

ಅಮ್ಮನ ಸೀರೆಯನ್ನೇ ತೆಗೆದುಕೊಳ್ಳೋಣ. ಅದನ್ನು ಇಂಗ್ಲಿಷಿನಲ್ಲಿ ಪೂರ್ತಿ ವರ್ಣಿಸಿದರೆ ಹೀಗಾಗುತ್ತದೆ: ‘ಎ ಲವ್ಲಿ ಓಲ್ಡ್ ಗ್ರೀನ್ ಮೈಸೂರ್ ಸಿಲ್ಕ್ ಸಾರಿ’.

ಎಡದಿಂದ ಒಂದೊಂದಾಗಿ ನೋಡಿ. ‘ಲವ್ಲಿ’ ಅನ್ನುವುದು ನನ್ನ ಅಭಿಪ್ರಾಯ. ‘ಓಲ್ಡ್’ ವಯಸ್ಸು. ‘ಗ್ರೀನ್’ ಬಣ್ಣ. ‘ಮೈಸೂರ್’ ಎಲ್ಲಿಯದು ಎಂದು ಹೇಳುವ ಮೂಲ. ‘ಸಿಲ್ಕ್’ ಅದು ಯಾವುದರಿಂದ ಆಗಿದೆ ಎಂಬುದು. ಕೊನೆಗೆ ಸೀರೆ. ಇದರಲ್ಲಿ ಗಾತ್ರ ಇಲ್ಲ, ಏಕೆಂದರೆ ಸೀರೆಗೆ ಗಾತ್ರ ಹೇಳುವ ರೂಢಿ ಕಡಿಮೆ. ಪೆಟ್ಟಿಗೆಯಾಗಿದ್ದರೆ ಗಾತ್ರ ಅಭಿಪ್ರಾಯ ಆದ ಮೇಲೆ, ವಯಸ್ಸಿಗೆ ಮೊದಲು ಬರುತ್ತಿತ್ತು: ‘ಎ ಲವ್ಲಿ ಬಿಗ್ ಓಲ್ಡ್ ಬ್ರೌನ್ ವುಡನ್ ಬಾಕ್ಸ್’.

ಅಂದರೆ ಸಾಲು ಸುಮಾರಾಗಿ ಹೀಗೆ ಸಾಗುತ್ತದೆ: ಅಭಿಪ್ರಾಯ, ಗಾತ್ರ, ವಯಸ್ಸು, ಬಣ್ಣ, ಮೂಲ, ವಸ್ತು. ವಸ್ತು ಆದ ಮೇಲೂ ಒಂದು ಜಾಗ ಉಂಟು, ಅದು ಉಪಯೋಗದ್ದು. ‘ವಾಕಿಂಗ್ ಸ್ಟಿಕ್’ನ ವಾಕಿಂಗ್, ‘ಸ್ಲೀಪಿಂಗ್ ಬ್ಯಾಗ್’ನ ಸ್ಲೀಪಿಂಗ್ ಅಲ್ಲಿ ಕೂರುತ್ತವೆ. ಅಜ್ಜನ ಊರುಗೋಲು ‘ಓಲ್ಡ್ ವುಡನ್ ವಾಕಿಂಗ್ ಸ್ಟಿಕ್’ ಆಗುತ್ತದೆಯೇ ಹೊರತು ‘ವಾಕಿಂಗ್ ವುಡನ್ ಓಲ್ಡ್ ಸ್ಟಿಕ್’ ಆಗುವುದಿಲ್ಲ. ಹಾಗೆ ಹೇಳಿದರೆ ಕೋಲೇ ಎದ್ದು ನಡೆಯುತ್ತಿರುವಂತೆ ಕೇಳುತ್ತದೆ. ಇನ್ನು ನನ್ನ, ಆ, ಎರಡು ಎಂಬಂಥ ಪದಗಳು ಇಡೀ ಸಾಲಿಗಿಂತ ಮುಂದೆ ನಿಲ್ಲುತ್ತವೆ: ‘ಮೈ ಟೂ ಬಿಗ್ ಬ್ಲೂ ಬ್ಯಾಗ್ಸ್’. ಅದರಲ್ಲಿ ಯಾರೂ ಎಡವುವುದಿಲ್ಲ, ಕನ್ನಡದಲ್ಲೂ ಹೆಚ್ಚುಕಡಿಮೆ ಹಾಗೇ.

ಆಕಾರ ಎಲ್ಲಿ ಬರಬೇಕು? ಇಲ್ಲಿ ವ್ಯಾಕರಣ ಪುಸ್ತಕಗಳೇ ಒಂದಾಗಿಲ್ಲ. ಕೆಲವು ಪಟ್ಟಿಗಳಲ್ಲಿ ಆಕಾರ ವಯಸ್ಸಿಗಿಂತ ಮೊದಲು, ಕೆಲವುಗಳಲ್ಲಿ ಆಮೇಲೆ. ‘ಬಿಗ್ ರೌಂಡ್ ಟೇಬಲ್’ನಲ್ಲಿ ಗಾತ್ರ ಮುಂದೆ ಇರಬೇಕು ಎಂಬುದರಲ್ಲಿ ಜಗಳ ಇಲ್ಲ. ‘ರೌಂಡ್’ ಮತ್ತು ‘ಓಲ್ಡ್’ ನಡುವೆ ಮಾತ್ರ ಎಳೆದಾಟ. ಈ ಭಿನ್ನಾಭಿಪ್ರಾಯಕ್ಕೂ ಒಂದು ಕಾರಣ ಇದೆ, ಅದು ಸ್ವಲ್ಪ ಹೊತ್ತಿನಲ್ಲೇ ಸಿಗುತ್ತದೆ.

## ಕಲಿಸದೇ ಬಂದ ನಿಯಮ

ಇಂಗ್ಲಿಷ್ ಮನೆಮಾತಾಗಿರುವವರಿಗೆ ಈ ಪಟ್ಟಿಯನ್ನು ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಎಷ್ಟೋ ಜನಕ್ಕೆ ಇಂಥದ್ದೊಂದು ಇದೆ ಎಂದೇ ತಿಳಿದಿರುವುದಿಲ್ಲ. 2016ರಲ್ಲಿ ಈ ಪಟ್ಟಿ ಟ್ವಿಟರ್‌ನಲ್ಲಿ ಸಿಕ್ಕಾಪಟ್ಟೆ ಹರಿದಾಡಿದಾಗ ಬೆರಗಾದವರಲ್ಲಿ ಇಂಗ್ಲಿಷ್ ಮಾತಾಡುತ್ತಲೇ ಬೆಳೆದವರೇ ಬಹಳ. ಪಟ್ಟಿ ಬೇಕಿರುವುದು ಆ ಭಾಷೆಯನ್ನು ಆಮೇಲೆ ಕಲಿಯುವವರಿಗೆ, ಹಾಗಾಗಿ ಅದು ಅವರ ಪಠ್ಯಪುಸ್ತಕದಲ್ಲೇ ಜಾಸ್ತಿ ಕಾಣುತ್ತದೆ.

ಕಾದಂಬರಿಕಾರ ಜೆ.ಆರ್.ಆರ್. ಟೋಲ್ಕಿನ್ 1955ರಲ್ಲಿ ಬರೆದ ಒಂದು ಪತ್ರದಲ್ಲಿ ತನ್ನ ಬಾಲ್ಯ ನೆನೆಯುತ್ತಾರೆ. ಸುಮಾರು ಏಳು ವರ್ಷದವರಿದ್ದಾಗ ಒಂದು ಡ್ರ್ಯಾಗನ್ ಕತೆ ಬರೆದರಂತೆ. ಅದರಲ್ಲಿ ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂದಿತ್ತು. ಅಮ್ಮ ಡ್ರ್ಯಾಗನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಗೆ ಹೇಳಬಾರದು, ‘ಗ್ರೇಟ್ ಗ್ರೀನ್ ಡ್ರ್ಯಾಗನ್’ ಅನ್ನಬೇಕು ಎಂದಷ್ಟೇ ಹೇಳಿದರು. ಯಾಕೆ ಎಂದು ಆಗಲೂ ಯೋಚಿಸಿದೆ, ಈಗಲೂ ಯೋಚಿಸುತ್ತಿದ್ದೇನೆ ಎನ್ನುತ್ತಾರೆ ಟೋಲ್ಕಿನ್. ಅವರು ಆಕ್ಸ್‌ಫರ್ಡ್‌ನಲ್ಲಿ ಭಾಷೆಯನ್ನೇ ಪಾಠ ಮಾಡುತ್ತಿದ್ದವರು ಎಂಬುದನ್ನು ಮರೆಯಬೇಡಿ.

## ಹೂರಣದ ಮೇಲೆ ಕಣಕ

ಯಾಕೆ ಎಂದು ತಿಳಿಯಬೇಕಾದರೆ ಎಡದಿಂದ ಬಲಕ್ಕೆ ಎಣಿಸುವುದನ್ನು ಬಿಟ್ಟು, ನಾಮಪದದಿಂದ ಹೊರಕ್ಕೆ ಎಣಿಸಬೇಕು. ಹೋಳಿಗೆಯನ್ನು ನೆನೆಯಿರಿ. ನಡುವೆ ಹೂರಣ, ಅದರ ಮೇಲೆ ಕಣಕ, ಅದರ ಮೇಲೆ ತುಪ್ಪ. ತುಪ್ಪ ಸವರುವುದು ಹೂರಣಕ್ಕಲ್ಲ, ಆಗಲೇ ಹೂರಣ ತುಂಬಿದ ಹೋಳಿಗೆಗೆ. ಗುಣವಾಚಕಗಳೂ ಹೀಗೆ ಒಂದರ ಮೇಲೊಂದು ಹೊದಿಕೆ.

‘ಓಲ್ಡ್ ಗ್ರೀನ್ ಸಿಲ್ಕ್ ಸಾರಿ’ಯಲ್ಲಿ ಮೊದಲು ‘ಸಿಲ್ಕ್ ಸಾರಿ’ ಒಂದು ಗಂಟು. ‘ಗ್ರೀನ್’ ಆ ಗಂಟಿಗೆ ಅಂಟುತ್ತದೆ. ‘ಓಲ್ಡ್’ ಆ ಇಡೀ ಹಸಿರು ರೇಷ್ಮೆ ಸೀರೆಗೆ ಅಂಟುತ್ತದೆ. ಪ್ರತಿ ಹೊಸ ಪದವೂ ತನ್ನ ಬಲಗಡೆ ಇರುವ ಎಲ್ಲವನ್ನೂ ಒಟ್ಟಿಗೆ ಹಿಡಿದು ಅದರ ಬಗ್ಗೆ ಮಾತಾಡುತ್ತದೆ.

ಬಣ್ಣ, ಗಾತ್ರಗಳ ವಿಷಯದಲ್ಲಿ ಹೊದಿಕೆ ಅದಲುಬದಲಾದರೆ ಕಿವಿಗೆ ಕಿರಿಕಿರಿಯಷ್ಟೇ, ಅರ್ಥ ಕೆಡುವುದಿಲ್ಲ. ಆದರೆ ಕೆಲವು ಪದಗಳಲ್ಲಿ ಅರ್ಥವೇ ಪಲ್ಟಿ ಹೊಡೆಯುತ್ತದೆ. ‘ನಕಲಿ’ ಅಂಥ ಪದ. ಯಾರೋ ನಿಮಗೆ ‘ಫೇಕ್ ಓಲ್ಡ್ ಕಾಯಿನ್’ ಮಾರಿದರು ಅಂದುಕೊಳ್ಳಿ. ಹಳೆಯ ನಾಣ್ಯದಂತೆ ಕಾಣಲು ಮಾಡಿದ ನಕಲಿ ಅದು. ನಿನ್ನೆಯೇ ಮಾಡಿದ್ದಿರಬಹುದು. ಅದೇ ‘ಓಲ್ಡ್ ಫೇಕ್ ಕಾಯಿನ್’ ಅಂದರೆ ಬೇರೆ. ಅದು ನಕಲಿಯೇ ಹೌದು, ಆದರೆ ಎಂದೋ ಹಿಂದೆ ಮಾಡಿದ ನಕಲಿ. ಮುತ್ತಜ್ಜನ ಕಾಲದ ಖೋಟಾ ನಾಣ್ಯಕ್ಕೆ ಇವತ್ತು ಸಂಗ್ರಹಕಾರರು ಒಳ್ಳೆಯ ದುಡ್ಡು ಕೊಟ್ಟರೂ ಕೊಟ್ಟಾರು. ಕನ್ನಡದಲ್ಲೂ ಇದು ಹೀಗೇ ನಡೆಯುತ್ತದೆ. ‘ನಕಲಿ ಹಳೆಯ ನಾಣ್ಯ’, ‘ಹಳೆಯ ನಕಲಿ ನಾಣ್ಯ’, ಎರಡನ್ನೂ ಜೋರಾಗಿ ಹೇಳಿ ನೋಡಿ. ಹೊರಗಿನ ಪದ ಒಳಗಿನದನ್ನೆಲ್ಲ ಒಟ್ಟಿಗೆ ಹಿಡಿಯುತ್ತದೆ ಎಂಬುದು ಕೈಗೇ ಸಿಗುತ್ತದೆ.

ನಮ್ಮ ಕಡೆ ಇದಕ್ಕೊಂದು ತಮಾಷೆಯ ಉದಾಹರಣೆಯೂ ಇದೆ. ‘ಹಳೆ ಮೈಸೂರು ರೇಷ್ಮೆ ಸೀರೆ’. ಸೀರೆ ಹಳೆಯದೋ, ಇಲ್ಲಾ ಹಳೆ ಮೈಸೂರು ಭಾಗದ ರೇಷ್ಮೆಯೋ? ಪದಗಳು ಅವೇ, ಸಾಲೂ ಅದೇ. ಗಂಟು ಎಲ್ಲಿ ಕಟ್ಟಿದ್ದೀರಿ ಎಂಬುದರ ಮೇಲೆ ಅರ್ಥ.

## ಹಾಗಾದರೆ ಒಳಗೆ ಯಾವುದು, ಹೊರಗೆ ಯಾವುದು?

ಹೊದಿಕೆಯ ಮಾತು ಸರಿ. ಆದರೆ ಬಣ್ಣವೇ ಯಾಕೆ ಒಳಗಿರಬೇಕು, ಗಾತ್ರವೇ ಯಾಕೆ ಹೊರಗೆ? ಇದಕ್ಕೆ ಭಾಷಾವಿಜ್ಞಾನಿಗಳು ಬಹಳ ಕಾಲದಿಂದ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ವಸ್ತುವಿನ ಹುಟ್ಟುಗುಣಕ್ಕೆ ಹತ್ತಿರವಾದದ್ದು ಅದರ ಹೆಸರಿಗೂ ಹತ್ತಿರ ಎಂಬುದು ಹಳೆಯ ಉತ್ತರ. ರೇಷ್ಮೆ ತೆಗೆದರೆ ಆ ಸೀರೆಯೇ ಇಲ್ಲ. ಚೆಂದ ಎಂಬುದನ್ನು ತೆಗೆದರೆ ಸೀರೆ ಹಾಗೇ ಉಳಿಯುತ್ತದೆ. ಕೇಳಲು ಸೊಗಸಾಗಿದೆ, ಆದರೆ ‘ಹತ್ತಿರ’ ಎಂಬುದನ್ನು ಅಳೆಯುವುದು ಹೇಗೆ ಎಂಬಲ್ಲಿ ಗಾಡಿ ನಿಲ್ಲುತ್ತದೆ.

2017ರಲ್ಲಿ ಗ್ರೆಗರಿ ಸ್ಕಾಂಟ್ರಾಸ್, ಜುಡಿತ್ ಡೆಗೆನ್ ಮತ್ತು ನೋವಾ ಗುಡ್‌ಮನ್ ಎಂಬ ಮೂವರು ಸಂಶೋಧಕರು ಅಳೆಯಬಹುದಾದ ಒಂದು ಉತ್ತರ ಮುಂದಿಟ್ಟರು. ಅವರು ಇಂಗ್ಲಿಷ್ ಮಾತಾಡುವವರಿಗೆ ಗುಣವಾಚಕಗಳ ಜೋಡಿಯನ್ನು ಎರಡೂ ಕ್ರಮದಲ್ಲಿ ತೋರಿಸಿ, ಯಾವುದು ಸಹಜವಾಗಿ ಕೇಳುತ್ತದೆ ಎಂದು ವಿಚಾರಿಸಿದರು. ಬೇರೆಯಾಗಿ, ಆ ಒಂದೊಂದು ಪದವೂ ಎಷ್ಟರ ಮಟ್ಟಿಗೆ ನೋಡುವವರನ್ನು ಅವಲಂಬಿಸಿದೆ ಎಂದೂ ಅಳೆದರು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

ಆ ಅಳತೆಯ ಹಿಂದಿನ ಉಪಾಯ ನನಗೆ ಬಹಳ ಇಷ್ಟ, ಏಕೆಂದರೆ ಮನೆಯಲ್ಲೇ ಮಾಡಿ ನೋಡಬಹುದು. ಇಬ್ಬರು ಒಂದೇ ವಸ್ತುವನ್ನು ನೋಡುತ್ತಿದ್ದಾರೆ. ಒಬ್ಬರು ಒಂದು ಪದ ಹೇಳುತ್ತಾರೆ, ಇನ್ನೊಬ್ಬರು ‘ಇಲ್ಲ’ ಎನ್ನುತ್ತಾರೆ. ಇಬ್ಬರೂ ಸರಿಯಿರಲು ಸಾಧ್ಯವೇ, ಅಥವಾ ಯಾರೋ ಒಬ್ಬರು ತಪ್ಪಿರಲೇಬೇಕೇ?

ಅಮ್ಮನ ಸೀರೆ ‘ಚೆಂದ’ ಎಂದು ನಾನಂದೆ, ನನ್ನ ತಂಗಿ ‘ಏನೂ ಚೆಂದ ಇಲ್ಲ’ ಎಂದಳು. ಇಬ್ಬರದ್ದೂ ಸರಿಯಿರಬಹುದು, ರುಚಿ ಬೇರೆ ಅಷ್ಟೇ. ‘ಹಳೆಯದು’ ಎಂದೆ, ಅವಳು ‘ಇಪ್ಪತ್ತು ವರ್ಷ ಯಾವ ಲೆಕ್ಕ, ಅಜ್ಜಿಯದು ನೋಡು’ ಎಂದಳು. ಇಲ್ಲೂ ಸ್ವಲ್ಪ ಜಾಗ ಇದೆ, ಆದರೆ ಮೊದಲಿನಷ್ಟು ಇಲ್ಲ. ‘ಹಸಿರು’ ಎಂದೆ, ಅವಳು ‘ಅಲ್ಲ’ ಎಂದಳು. ಗಿಳಿಹಸಿರೋ ಎಲೆಹಸಿರೋ ಎಂದು ಒಂದಿಷ್ಟು ಎಳೆಯಬಹುದು, ಅಷ್ಟೇ. ‘ರೇಷ್ಮೆ’ ಎಂದೆ, ಅವಳು ‘ಅಲ್ಲ’ ಎಂದಳು. ಈಗ ಒಂದು ಎಳೆ ಕಿತ್ತು ಸುಟ್ಟು ನೋಡಿದರೆ ಮುಗಿಯಿತು, ಇಬ್ಬರಲ್ಲಿ ಒಬ್ಬರು ತಪ್ಪು.

ವಾದಕ್ಕೆ ಎಡೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂದು ನೋಡಿದರೆ ಸಾಲು ತಾನಾಗಿ ಸಿಗುತ್ತದೆ: ಚೆಂದ, ಹಳೆಯ, ಹಸಿರು, ರೇಷ್ಮೆ. ಇಂಗ್ಲಿಷ್ ಸಾಲೂ ಅದೇ. ವಾದಕ್ಕೆ ಎಡೆ ಕಡಿಮೆ ಇರುವ ಪದ ನಾಮಪದದ ಮಗ್ಗುಲಲ್ಲಿ, ಎಡೆ ಜಾಸ್ತಿ ಇರುವ ಪದ ದೂರದಲ್ಲಿ. ಸಂಶೋಧಕರಿಗೆ ಕಂಡದ್ದೂ ಇದೇ. ಎರಡು ಪದಗಳ ನಡುವೆ ಈ ಅಂತರ ದೊಡ್ಡದಾದಷ್ಟೂ ಜನ ಒಂದೇ ಕ್ರಮಕ್ಕೆ ಗಟ್ಟಿಯಾಗಿ ಅಂಟಿಕೊಂಡರು. ಅಂತರ ಚಿಕ್ಕದಾದರೆ ಹಿಡಿತ ಸಡಿಲ. ಆಕಾರ ಮೊದಲೋ ವಯಸ್ಸು ಮೊದಲೋ ಎಂದು ಪಟ್ಟಿಗಳು ಕಿತ್ತಾಡುತ್ತಿದ್ದವಲ್ಲ, ಅಂಥ ಕಡೆ ಹಿಡಿತ ಸಡಿಲವಾಗಿರುವುದರಿಂದಲೇ ಪಟ್ಟಿ ಬರೆಯುವವರಿಗೂ ಒಮ್ಮತ ಸಿಗುವುದಿಲ್ಲ ಎಂದು ನನಗನಿಸುತ್ತದೆ.

ಆದರೆ ವಾದಕ್ಕೆ ಎಡೆಯಿರುವ ಪದ ದೂರ ನಿಂತರೆ ಕೇಳುವವರಿಗೆ ಏನು ಲಾಭ? ಗಾತ್ರದ ಪದವನ್ನು ನೋಡಿದರೆ ಇದು ತಿಳಿಯುತ್ತದೆ. ‘ದೊಡ್ಡ’ ಎಂಬುದಕ್ಕೆ ತನ್ನದೇ ಅಳತೆ ಇಲ್ಲ. ದೊಡ್ಡ ಇರುವೆ ಅಂಗೈ ಮೇಲೆ ಕೂರುತ್ತದೆ, ಚಿಕ್ಕ ಆನೆ ಅಂಗಳ ತುಂಬುತ್ತದೆ. ಏನು ಎಂದು ಗೊತ್ತಾಗದೆ ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ‘ದೊಡ್ಡ’ ಎಂಬ ಪದ ಒಳಗಿನ ಗಂಟು ಪೂರ್ತಿ ಕಟ್ಟಿ ಮುಗಿಯುವ ತನಕ ಹೊರಗೆ ಕಾಯಬೇಕು. ‘ರೇಷ್ಮೆ’ಗೆ ಆ ತಾಪತ್ರಯ ಇಲ್ಲ. ಸೀರೆಯಾದರೂ ಸರಿ, ದಾರವಾದರೂ ಸರಿ, ರೇಷ್ಮೆ ರೇಷ್ಮೆಯೇ.

ಸೀರೆ ಅಂಗಡಿಯಲ್ಲೂ ಹೀಗೇ ಅಲ್ವಾ? ‘ರೇಷ್ಮೆ’ ಎಂದರೆ ಅಂಗಡಿಯವರು ಒಂದು ಕಪಾಟಿನ ಕಡೆ ತಿರುಗುತ್ತಾರೆ. ‘ಹಸಿರು’ ಎಂದರೆ ಅಲ್ಲಿಂದ ಒಂದಷ್ಟು ತೆಗೆದು ಹಾಸುತ್ತಾರೆ. ‘ಚೆಂದದ್ದು ಕೊಡಿ’ ಎಂದು ಮೊದಲೇ ಹೇಳಿದರೆ ಅವರು ಯಾವ ಕಪಾಟಿಗೂ ಕೈ ಹಾಕಲಾರರು. ಕೊನೆಗೆ ಹಾಸಿಟ್ಟ ಏಳೆಂಟು ಸೀರೆಗಳ ಮೇಲೆ ಮಾತ್ರ ಆ ಪದಕ್ಕೆ ಕೆಲಸ. ನಂಬಿ ಆರಿಸಬಹುದಾದ ಪದ ಒಳಗೆ, ಇಬ್ಬರಿಗೆ ಎರಡು ಥರ ಕಾಣಬಹುದಾದ ಪದ ಹೊರಗೆ.

ದೂರ, ಹತ್ತಿರ ಎಂದೇ ಹೇಳುತ್ತಿದ್ದೇನೆ, ಮೊದಲು, ಆಮೇಲೆ ಎಂದು ಅಲ್ಲ. ಗುಣವಾಚಕ ನಾಮಪದದ ಬಲಗಡೆ ಬರುವ ಭಾಷೆಗಳೂ ಇವೆ. ಅಂಥ ಎಷ್ಟೋ ಭಾಷೆಗಳಲ್ಲಿ ಇಡೀ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಮಗ್ಗುಲಲ್ಲಿದ್ದದ್ದು ಮಗ್ಗುಲಲ್ಲೇ ಉಳಿಯುತ್ತದೆ, ದೂರವಿದ್ದದ್ದು ದೂರವೇ.

## ಕನ್ನಡದಲ್ಲಿ ಯೋಚಿಸುವವರ ಎಡವಟ್ಟು

ಇಷ್ಟೆಲ್ಲ ಕೇಳಿದ ಮೇಲೆ, ಕನ್ನಡದಲ್ಲೂ ಇದೇ ಕ್ರಮ ತಾನೇ, ನಾವ್ಯಾಕೆ ತಪ್ಪಬೇಕು ಎನಿಸಬಹುದು. ‘ಹಳೆಯ ಹಸಿರು ಮೈಸೂರು ರೇಷ್ಮೆ ಸೀರೆ’ ಎಂದು ಹೇಳಿ ನೋಡಿ. ಇಂಗ್ಲಿಷ್ ಸಾಲಿಗೆ ಪದಕ್ಕೆ ಪದ ಹೊಂದುತ್ತದೆ. ಹಾಗಾದರೆ ನನ್ನ ಬಾಯಲ್ಲಿ ‘ಬ್ಲೂ ಕಲರ್ ಬಿಗ್ ಬ್ಯಾಗ್’ ಎಲ್ಲಿಂದ ಬಂತು?

‘ನೀಲಿ ಬಣ್ಣದ ದೊಡ್ಡ ಬ್ಯಾಗ್’ನಿಂದ ಬಂತು. ಇದು ಒಳ್ಳೆಯ ಕನ್ನಡ, ತಪ್ಪೇನಿಲ್ಲ. ಕನ್ನಡದಲ್ಲಿ ಬಣ್ಣವನ್ನು ಎರಡು ಥರ ಹೇಳಬಹುದು. ‘ನೀಲಿ’ ಎಂದು ಬಿಡಿಯಾಗಿ, ಅಥವಾ ‘ನೀಲಿ ಬಣ್ಣದ’ ಎಂದು ಷಷ್ಠಿ ವಿಭಕ್ತಿ ಹಚ್ಚಿ. ಬಿಡಿ ಪದ ನಾಮಪದಕ್ಕೆ ಅಂಟಿಕೊಳ್ಳಲು ನೋಡುತ್ತದೆ. ‘ದ’ ಹಚ್ಚಿದ ಪದಕ್ಕೆ ಮಾತ್ರ ಕಾಲು ಬರುತ್ತದೆ, ಅದು ಸಾಲಿನ ತುದಿಯವರೆಗೂ ನಡೆದು ಹೋಗಬಲ್ಲದು. ‘ಮರದ ದೊಡ್ಡ ಪೆಟ್ಟಿಗೆ’, ‘ಹಿತ್ತಾಳೆಯ ಹಳೆಯ ಚೊಂಬು’, ‘ಕಲ್ಲಿನ ಸಣ್ಣ ಮಂಟಪ’ ಎಲ್ಲವೂ ನಮಗೆ ಸಲೀಸು. ‘ದೊಡ್ಡ ಮರದ ಪೆಟ್ಟಿಗೆ’ ಅಂದರೆ ಮರ ದೊಡ್ಡದೋ ಪೆಟ್ಟಿಗೆ ದೊಡ್ಡದೋ ಎಂಬ ಗೊಂದಲವೂ ಇರುವುದರಿಂದ, ‘ಮರದ’ ಎಂಬುದನ್ನು ಮುಂದೆ ಹಾಕುವುದೇ ಎಷ್ಟೋ ಸಲ ಒಳ್ಳೆಯದು.

ಇಂಗ್ಲಿಷ್ ‘ವುಡನ್’ಗೆ ಈ ಕಾಲಿಲ್ಲ. ಅದು ವಸ್ತುವಿನ ಜಾಗಕ್ಕೆ ಮೊಳೆ ಹೊಡೆದ ಹಾಗೆ ಕೂತಿರುತ್ತದೆ. ‘ಮರದ ದೊಡ್ಡ ಪೆಟ್ಟಿಗೆ’ಯನ್ನು ಪದಕ್ಕೆ ಪದ ಇಳಿಸಿದಾಗ ‘ವುಡನ್ ಬಿಗ್ ಬಾಕ್ಸ್’ ಆಗುತ್ತದೆ, ಅಲ್ಲೇ ಎಡವುತ್ತೇವೆ. ‘ಬ್ಲೂ ಕಲರ್’ನಲ್ಲಿ ‘ಕಲರ್’ ಕೂಡ ನಮ್ಮ ‘ಬಣ್ಣದ’ ಎಂಬುದರ ನೆರಳು. ಇಂಗ್ಲಿಷಿನವರು ಸುಮ್ನೆ ‘ಬ್ಲೂ ಬ್ಯಾಗ್’ ಎನ್ನುತ್ತಾರೆ, ನೀಲಿ ಎಂದರೆ ಬಣ್ಣವೇ ಎಂದು ಬೇರೆ ಹೇಳುವುದಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ನಾನು ಈಗ ಒಂದೇ ಒಂದು ಕೆಲಸ ಮಾಡುತ್ತೇನೆ. ‘ದ’, ‘ಯ’, ‘ಇನ’ ಹಚ್ಚಿಕೊಂಡು ಮುಂದೆ ಹೋಗಿರುವ ಪದ ಯಾವುದು ಎಂದು ನೋಡುತ್ತೇನೆ. ಅದನ್ನು ಎಳೆದು ತಂದು ನಾಮಪದದ ಪಕ್ಕ ಕೂರಿಸುತ್ತೇನೆ. ‘ಹಿತ್ತಾಳೆಯ ಹಳೆಯ ಚೊಂಬು’, ಹಾಗಾಗಿ ‘ಓಲ್ಡ್ ಬ್ರಾಸ್ ಪಾಟ್’. ಉಳಿದ ಪದಗಳ ಮಟ್ಟಿಗೆ ಕನ್ನಡದ ಕಿವಿಯೇ ಸಾಕಾಗುತ್ತದೆ.

## ಪಟ್ಟಿ ಕೈಬಿಡುವ ಕಡೆಗಳು

ಮಕ್ಕಳ ಕತೆಯ ತೋಳ ಇಂಗ್ಲಿಷಿನಲ್ಲಿ ‘ಬಿಗ್ ಬ್ಯಾಡ್ ವುಲ್ಫ್’. ಪಟ್ಟಿಯ ಪ್ರಕಾರ ಕೆಟ್ಟ ಎಂಬ ಅಭಿಪ್ರಾಯ ಮೊದಲು ಬರಬೇಕಿತ್ತು. ‘ಬ್ಯಾಡ್ ಬಿಗ್ ವುಲ್ಫ್’ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇದಕ್ಕೆ ಎರಡು ವಿವರಣೆ ಚಾಲ್ತಿಯಲ್ಲಿವೆ. ಒಂದು, ನಾದದ್ದು. ‘ಟಿಕ್ ಟಾಕ್’, ‘ಡಿಂಗ್ ಡಾಂಗ್’, ‘ಜಿಗ್ ಜ್ಯಾಗ್’ ಎಂಬ ಜೋಡಿಗಳಲ್ಲಿ ಇಂಗ್ಲಿಷ್ ಯಾವಾಗಲೂ ‘ಇ’ ಸ್ವರವನ್ನು ಮುಂದೆ ಇಡುತ್ತದೆ, ತಿರುಗಿಸಿದರೆ ಒಪ್ಪುವುದಿಲ್ಲ. ನಾವು ‘ಪುಸ್ತಕ ಗಿಸ್ತಕ’ ಎನ್ನುತ್ತೇವೆ, ‘ಗಿಸ್ತಕ ಪುಸ್ತಕ’ ಎನ್ನುವುದಿಲ್ಲವಲ್ಲ, ಆ ಬಗೆಯ ಹಟ ಇದು. ಇನ್ನೊಂದು, ಕತೆಗಳಲ್ಲಿ ‘ಬ್ಯಾಡ್ ವುಲ್ಫ್’ ಎಂಬುದು ಅಭಿಪ್ರಾಯವಾಗಿ ಉಳಿದಿಲ್ಲ, ತೋಳದ ಒಂದು ಜಾತಿಯೇ ಆಗಿಬಿಟ್ಟಿದೆ ಎಂಬುದು. ಗಂಟು ಆಗಲೇ ಕಟ್ಟಿದೆ, ‘ಬಿಗ್’ ಹೊರಗೆ ಕೂತಿದೆ. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ, ಏಕೆಂದರೆ ಅದಕ್ಕೆ ಬೇರೆ ನಿಯಮ ಬೇಕಿಲ್ಲ, ಹೋಳಿಗೆಯ ಲೆಕ್ಕವೇ ಸಾಕು.

ಹೀಗೆ ಗಟ್ಟಿಯಾದ ಗಂಟುಗಳು ಎಲ್ಲೆಲ್ಲೂ ಇವೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಈಗ ಬೋರ್ಡು ಹಸಿರು, ಆದರೂ ಹೆಸರು ಬ್ಲ್ಯಾಕ್‌ಬೋರ್ಡ್. ‘ಎ ಬಿಗ್ ಗ್ರೀನ್ ಬ್ಲ್ಯಾಕ್‌ಬೋರ್ಡ್’ ಎಂದರೆ ಒಂದಿಷ್ಟೂ ತಪ್ಪಿಲ್ಲ. ‘ಬ್ಲ್ಯಾಕ್’ ಅಲ್ಲಿ ಬಣ್ಣದ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು.

ಇನ್ನೊಂದು ಸಂದರ್ಭ, ಬೇಕೆಂದೇ ಕ್ರಮ ಮುರಿಯುವುದು. ಬೆಲ್ಟ್ ಮೇಲೆ ಎರಡು ದೊಡ್ಡ ಬ್ಯಾಗ್ ಬರುತ್ತಿವೆ, ಒಂದು ಕೆಂಪು, ಒಂದು ನೀಲಿ. ಪಕ್ಕದವರು ಕೆಂಪನ್ನು ಎತ್ತಿಕೊಡಲು ಹೋದರು. ಆಗ ಇಂಗ್ಲಿಷಿನವರೇ ‘ನೋ, ದ ಬ್ಲೂ ಬಿಗ್ ಬ್ಯಾಗ್’ ಎನ್ನಬಹುದು, ‘ಬ್ಲೂ’ ಮೇಲೆ ಒತ್ತು ಹಾಕಿ. ದೊಡ್ಡ ಬ್ಯಾಗ್ ಎಂಬುದು ಇಬ್ಬರಿಗೂ ಗೊತ್ತಿರುವ ಗಂಟು, ಅದರಲ್ಲಿ ಯಾವುದು ಎಂಬುದಷ್ಟೇ ಪ್ರಶ್ನೆ. ಆ ಒತ್ತು ಇಲ್ಲದೆ, ಎದುರಿಗೆ ಎರಡು ಬ್ಯಾಗ್ ಇಲ್ಲದೆ ಹಾಗೆ ಹೇಳಿದರೆ ಮತ್ತೆ ಸೊಟ್ಟ.

## ಅಲ್ಪವಿರಾಮ ಹಾಕಬೇಕೋ ಬೇಡವೋ

ಬರೆಯುವಾಗ ಬರುವ ಈ ಅನುಮಾನಕ್ಕೂ ಹೊದಿಕೆಯ ಲೆಕ್ಕವೇ ಉತ್ತರ. ಎರಡು ಗುಣವಾಚಕಗಳ ನಡುವೆ ‘ಆ್ಯಂಡ್’ ಹಾಕಿ ಓದಿ, ಆಮೇಲೆ ಅದಲುಬದಲು ಮಾಡಿ ಓದಿ. ‘ಎ ನಾಯ್ಸಿ, ಡರ್ಟಿ ಸ್ಟ್ರೀಟ್’ ಎಂಬುದನ್ನು ‘ನಾಯ್ಸಿ ಆ್ಯಂಡ್ ಡರ್ಟಿ’ ಎನ್ನಬಹುದು, ‘ಡರ್ಟಿ, ನಾಯ್ಸಿ’ ಎಂದೂ ಎನ್ನಬಹುದು. ಎರಡೂ ಬೀದಿಗೆ ನೇರವಾಗಿ, ಸಮಸಮವಾಗಿ ಅಂಟಿವೆ, ಒಂದರ ಮೇಲೊಂದು ಕೂತಿಲ್ಲ. ಇಲ್ಲಿ ಅಲ್ಪವಿರಾಮ ಬೇಕು. ‘ಓಲ್ಡ್ ಗ್ರೀನ್ ಸಾರಿ’ಯಲ್ಲಿ ‘ಓಲ್ಡ್ ಆ್ಯಂಡ್ ಗ್ರೀನ್ ಸಾರಿ’ ಎಂದರೆ ಮುಗ್ಗರಿಸುತ್ತದೆ. ಇಲ್ಲಿ ಅಲ್ಪವಿರಾಮ ಬೇಡ. ಎರಡೂ ಬಣ್ಣಗಳೇ ಆದರೆ ‘ಆ್ಯಂಡ್’ ಬರಲೇಬೇಕು: ‘ಗ್ರೀನ್ ಆ್ಯಂಡ್ ರೆಡ್ ಸಾರಿ’.

ಸಾಲು ಉದ್ದವಾಗಿ ತಲೆಕೆಟ್ಟರೆ ಒಂದಿಷ್ಟನ್ನು ನಾಮಪದದ ಆಚೆಗೆ ದಾಟಿಸಿಬಿಡಿ. ಮಾತಿನಲ್ಲಿ ಇಂಗ್ಲಿಷಿನವರೂ ಒಂದೋ ಎರಡೋ ಗುಣವಾಚಕಕ್ಕೆ ನಿಲ್ಲಿಸುತ್ತಾರೆ. ಐದಾರು ಪೋಣಿಸುವುದು ವ್ಯಾಕರಣದ ಉದಾಹರಣೆಗಳಲ್ಲಿ, ಇಲ್ಲಾ ಸಾಮಾನು ಮಾರುವವರ ಜಾಹೀರಾತಿನಲ್ಲಿ. ‘ಎ ಬಿಗ್ ಓಲ್ಡ್ ಬಾಕ್ಸ್ ಮೇಡ್ ಆಫ್ ವುಡ್’ ಎಂದರೆ ‘ವುಡನ್’ ಎಲ್ಲಿ ಕೂರಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮೂರನೇ ದಿನ ಕೌಂಟರಿನಿಂದ ಫೋನ್ ಬಂತು. ಅದೇ ಹುಡುಗಿ, ಈ ಸಲ ಕನ್ನಡದಲ್ಲಿ. “ಮೇಡಂ, ನಿಮ್ಮದು ನೀಲಿ ಬಣ್ಣದ ದೊಡ್ಡ ಬ್ಯಾಗ್ ಅಲ್ವಾ? ಬಂದಿದೆ.”